ಇಪ್ಪತ್ತೈದು ರೂಪಾಯಿಯ ಪಾರ್ಸೆಲ್

‘ನಿಮ್ಮ ಪಾರ್ಸೆಲ್ ನಮ್ಮ ಗೋದಾಮಿಗೆ ಬಂದಿದೆ. ಎರಡು ಸಲ ತಲುಪಿಸಲು ಪ್ರಯತ್ನಿಸಿದೆವು, ವಿಳಾಸ ಪೂರ್ತಿ ಇಲ್ಲದ ಕಾರಣ ಆಗಲಿಲ್ಲ. 48 ಗಂಟೆಯೊಳಗೆ ವಿಳಾಸ ಸರಿಪಡಿಸಿ, ಇಲ್ಲದಿದ್ದರೆ ಪಾರ್ಸೆಲ್ ವಾಪಸ್ ಹೋಗುತ್ತದೆ.’ ಇದರ ಕೆಳಗೆ ಒಂದು ಲಿಂಕ್, ಅದರಾಚೆ ಇಂಡಿಯಾ ಪೋಸ್ಟ್ ಎಂಬ ಹೆಸರು.

2024ರಲ್ಲಿ ದೇಶದ ಎಷ್ಟೋ ಮಂದಿಯ ಫೋನಿಗೆ ಇಂಗ್ಲಿಷಿನಲ್ಲಿ ಬಂದ ಸಂದೇಶದ ತಿರುಳು ಇದು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಇದು ನಕಲಿ ಎಂದು ಆಗಲೇ ಹೇಳಿತ್ತು. ಪಾರ್ಸೆಲ್ ವಾಪಸ್ ಹೋಗದಂತೆ ವಿಳಾಸ ತಿದ್ದಿ ಎಂದು ಅಂಚೆ ಇಲಾಖೆ ಇಂಥ ಸಂದೇಶ ಕಳಿಸುವುದೇ ಇಲ್ಲ ಎಂದೂ ಸ್ಪಷ್ಟಪಡಿಸಿತ್ತು. ಆದರೂ ಸಂದೇಶ ನಿಂತಿಲ್ಲ. ಅಂಚೆ ಇಲಾಖೆಯ ಜಾಗದಲ್ಲಿ ಒಮ್ಮೆ ಕೊರಿಯರ್ ಕಂಪನಿಯ ಹೆಸರು, ಇನ್ನೊಮ್ಮೆ ಆನ್‌ಲೈನ್ ಅಂಗಡಿಯ ಹೆಸರು ಬರುತ್ತದೆ, ಒಳಗಿನ ಕಥೆ ಮಾತ್ರ ಅದೇ.

ಲಿಂಕ್ ಒತ್ತಿದವರಿಗೆ ಕೊನೆಯಲ್ಲಿ ಸಣ್ಣದೊಂದು ಶುಲ್ಕ ಕೇಳುತ್ತಾರೆ. ಇಂಡಿಯಾ ಪೋಸ್ಟ್ ಹೆಸರಿನ ವಂಚನೆಯನ್ನು ಅದೇ ವರ್ಷ ಬಿಡಿಸಿ ನೋಡಿದ ಫೋರ್ಟಿನೆಟ್ ಎಂಬ ಭದ್ರತಾ ಸಂಸ್ಥೆಗೆ ಕಂಡ ಮೊತ್ತ 25 ರೂಪಾಯಿ 2 ಪೈಸೆ. ಯಾರೂ ಜಗಳವಾಡದ ಮೊತ್ತ. ಹೋದರೆ ಹೋಗಲಿ, ಪಾರ್ಸೆಲ್ ಬಂದರೆ ಸಾಕು ಅನ್ನಿಸುವಂಥದ್ದು. ಆ ಎರಡು ಪೈಸೆಯೂ ಸುಮ್ಮನೆ ಬಂದದ್ದಲ್ಲ. ದುಂಡು ಮೊತ್ತವಾದರೆ ಯಾರೋ ಬಾಯಿಗೆ ಬಂದದ್ದು ಕೇಳಿದಂತಿರುತ್ತದೆ, ಪೈಸೆ ಸೇರಿದಾಗ ಕಂಪ್ಯೂಟರ್ ಲೆಕ್ಕ ಹಾಕಿದಂತೆ ಕಾಣುತ್ತದೆ.

ಈ ₹25 ಕಳ್ಳರಿಗೆ ಬೇಕಾಗಿಯೇ ಇಲ್ಲ. ಎಷ್ಟೋ ಸಲ ಅವರು ಅದನ್ನು ವಸೂಲಿ ಮಾಡುವುದೂ ಇಲ್ಲ. ಆ ಮೊತ್ತ ಇರುವುದು ನೀವು ಕಾರ್ಡನ್ನು ಪರ್ಸಿನಿಂದ ಹೊರತೆಗೆಯಲು ಒಂದು ಕಾರಣ ಬೇಕು ಎಂದು ಮಾತ್ರ.

ಒಂದು ಮಧ್ಯಾಹ್ನದ ಹತ್ತು ನಿಮಿಷ

ಹುಬ್ಬಳ್ಳಿಯ ಒಬ್ಬ ಶಿಕ್ಷಕಿ ಎಂದಿಟ್ಟುಕೊಳ್ಳೋಣ. ಈ ವಂಚನೆಯ ಹಂತಗಳೆಲ್ಲ ಒಟ್ಟಿಗೆ ಕಾಣಲಿ ಎಂದು ಕಟ್ಟಿಕೊಂಡ ಪ್ರಸಂಗ ಇದು. ನಾಲ್ಕು ದಿನದ ಹಿಂದೆ ಅವರು ಆನ್‌ಲೈನಿನಲ್ಲಿ ಮಿಕ್ಸಿಯ ಜಾರ್ ಒಂದನ್ನು ತರಿಸಿದ್ದಾರೆ. ಮಧ್ಯಾಹ್ನ 1.10ಕ್ಕೆ ಸಂದೇಶ ಬರುತ್ತದೆ.

ಅವರು ಜಾರ್ ತರಿಸಿದ್ದು ಕಳ್ಳರಿಗೆ ಗೊತ್ತಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇಲ್ಲ. ಸಂದೇಶ ಹೋಗಿರುವುದು ಸಾವಿರಾರು ನಂಬರುಗಳಿಗೆ. ಅಷ್ಟು ಜನರಲ್ಲಿ ಪಾರ್ಸೆಲ್ಲಿಗಾಗಿ ಕಾಯುತ್ತಿರುವವರು ಯಾವ ದಿನವೂ ಸಿಕ್ಕೇ ಸಿಗುತ್ತಾರೆ, ದಸರಾ ದೀಪಾವಳಿಯ ಸೇಲ್ ಹೊತ್ತಿನಲ್ಲಂತೂ ಹೇಳುವುದೇ ಬೇಡ. ‘ನಿಜಕ್ಕೂ ಪಾರ್ಸೆಲ್ ಬರಬೇಕಿತ್ತಲ್ಲ, ಅದಕ್ಕೇ ನಂಬಿದೆ’ ಎಂದು ಮೋಸಹೋದವರು ಹೇಳುವುದು ಸುಳ್ಳಲ್ಲ. ಆ ಕಾಕತಾಳೀಯದ ಮೇಲೆಯೇ ಇಡೀ ವ್ಯವಹಾರ ನಿಂತಿದೆ.

ಲಿಂಕ್ ಒತ್ತಿದಾಗ ಕೆಂಪು ಹಳದಿ ಬಣ್ಣದ, ಅಂಚೆ ಇಲಾಖೆಯ ಲಾಂಛನವಿರುವ ಪುಟ ತೆರೆದುಕೊಳ್ಳುತ್ತದೆ. ಮೇಲೆ ಒಂದು ಟ್ರ್ಯಾಕಿಂಗ್ ನಂಬರ್, ಅದರ ಕೆಳಗೆ ಪಾರ್ಸೆಲ್ ಎಲ್ಲೆಲ್ಲಿ ಹಾದುಬಂತು ಎಂಬ ಪಟ್ಟಿ. ಕೊನೆಯ ಸಾಲು ಕೆಂಪಕ್ಷರದಲ್ಲಿ: ವಿತರಣೆ ವಿಫಲ. ಮೊದಲ ಪುಟದಲ್ಲಿ ಹೆಸರು, ವಿಳಾಸ, ಪಿನ್‌ಕೋಡ್, ಫೋನ್ ನಂಬರ್ ಇಷ್ಟೇ ಕೇಳುತ್ತಾರೆ. ಇವೆಲ್ಲ ಯಾರಿಗೆ ಬೇಕಾದರೂ ಕೊಡುವಂಥ ವಿವರಗಳು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇಷ್ಟೆಲ್ಲ ಟೈಪ್ ಮಾಡಿ ಮುಗಿಸಿದವರಿಗೆ ಅರ್ಧದಲ್ಲಿ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ. ಎರಡನೆಯ ಪುಟದಲ್ಲಿ ಮರುವಿತರಣಾ ಶುಲ್ಕ ₹25.02, ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಮೂರಂಕಿಯ ಸಿವಿವಿ.

ಶಿಕ್ಷಕಿ ಜಾಣೆ. ಪುಟ ಅಸಲಿಯೋ ಅಲ್ಲವೋ ನೋಡೋಣವೆಂದು ಮೊದಲು ಬೇಕೆಂದೇ ಒಂದಂಕಿ ತಪ್ಪಾಗಿ ಹೊಡೆಯುತ್ತಾರೆ. ‘ಕಾರ್ಡ್ ನಂಬರ್ ಸರಿಯಿಲ್ಲ’ ಎಂದು ಪುಟ ತಕ್ಷಣ ಹೇಳುತ್ತದೆ. ಅವರಿಗೆ ಧೈರ್ಯ ಬರುತ್ತದೆ. ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿಲ್ಲ. ಕಾರ್ಡಿನ ಕೊನೆಯ ಅಂಕಿಯನ್ನು ಅದರ ಹಿಂದಿನ ಅಂಕಿಗಳಿಂದ ಒಂದು ಸರಳ ಲೆಕ್ಕದಲ್ಲಿ ಪಡೆದಿರುತ್ತಾರೆ. ಲೂನ್ ಸೂತ್ರ ಎಂಬ ಈ ಲೆಕ್ಕ ಬಹಿರಂಗವಾಗಿಯೇ ಇದೆ, ಬ್ಯಾಂಕನ್ನು ಕೇಳದೆ ಯಾವ ವೆಬ್‌ಪುಟವಾದರೂ ಅದನ್ನು ಮಾಡಬಲ್ಲದು. ಕಳ್ಳರಿಗೂ ಕಸದ ನಂಬರುಗಳು ಬೇಡ, ಅದಕ್ಕಾಗಿಯೇ ಅವರು ಸೋಸುವ ಜಾಲರಿ ಇಟ್ಟಿರುತ್ತಾರೆ.

ಅವರಿಗೆ ಗೊತ್ತಿರದ ಇನ್ನೊಂದು ಸಂಗತಿಯಿದೆ. ಇಂಥ ಹೊಸ ಪುಟಗಳಲ್ಲಿ ನೀವು ಹೊಡೆಯುವ ಒಂದೊಂದು ಅಂಕಿಯೂ ಆಗಿಂದಾಗ್ಗೆ ಅತ್ತ ಕಡೆಯ ಪರದೆಯಲ್ಲಿ ಮೂಡುತ್ತಿರುತ್ತದೆ. ‘ಮುಂದುವರಿಯಿರಿ’ ಗುಂಡಿ ಬರೀ ತೋರಿಕೆಗೆ. ಅರ್ಧದಲ್ಲಿ ಅನುಮಾನ ಬಂದು ಪುಟ ಮುಚ್ಚಿದವರ ಕಾರ್ಡ್ ನಂಬರೂ ಅಷ್ಟರಲ್ಲಿ ಹೋಗಿರುತ್ತದೆ. ‘ನಾನು ಸಬ್ಮಿಟ್ ಒತ್ತಲೇ ಇಲ್ಲ’ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ.

1.14ಕ್ಕೆ ಪುಟದಲ್ಲಿ ಒಂದು ಚಕ್ರ ತಿರುಗತೊಡಗುತ್ತದೆ. ‘ನಿಮ್ಮ ಬ್ಯಾಂಕನ್ನು ಸಂಪರ್ಕಿಸುತ್ತಿದ್ದೇವೆ, ಪುಟ ಮುಚ್ಚಬೇಡಿ.’ ಆ ಚಕ್ರ ತಿರುಗುವಷ್ಟು ಹೊತ್ತಿನಲ್ಲಿ ಅತ್ತ ಕುಳಿತವನು ಬೇರೊಂದು ತಾಣದಲ್ಲಿ ಅವರ ಕಾರ್ಡ್ ನಂಬರ್ ಹಾಕಿ ₹38,990ರ ಖರೀದಿ ಶುರುಮಾಡಿರುತ್ತಾನೆ. ಕಾರ್ಡಿನ ಮೊದಲ ಆರೆಂಟು ಅಂಕಿ ನೋಡಿದರೆ ಅದು ಯಾವ ಬ್ಯಾಂಕಿನದು ಎಂದು ತಿಳಿಯುತ್ತದೆ. ಅದಕ್ಕೇ ಚಕ್ರ ನಿಂತಾಗ ತೆರೆಯುವ ಓಟಿಪಿ ಪುಟದಲ್ಲಿ ಶಿಕ್ಷಕಿಯ ಬ್ಯಾಂಕಿನದೇ ಲಾಂಛನ ಇರುತ್ತದೆ. ಅದೇ ಕ್ಷಣದಲ್ಲಿ ಅವರ ಫೋನಿಗೆ ಓಟಿಪಿ ಬರುತ್ತದೆ. ಪುಟದಲ್ಲಿ ಬ್ಯಾಂಕಿನ ಹೆಸರು, ಫೋನಿನಲ್ಲಿ ಬ್ಯಾಂಕಿನ ಸಂದೇಶ. ಎಲ್ಲ ಹೊಂದಿಕೊಂಡಂತೆ ಕಾಣುತ್ತದೆ.

ಆರಂಕಿ ಹಾಕುತ್ತಾರೆ. ‘ಓಟಿಪಿ ತಪ್ಪಾಗಿದೆ, ಹೊಸದು ಕಳಿಸಿದ್ದೇವೆ’ ಎಂದು ಪುಟ ಹೇಳುತ್ತದೆ. ಅವರು ಹಾಕಿದ್ದು ತಪ್ಪೇನೂ ಅಲ್ಲ. ಮೊದಲ ಓಟಿಪಿ ಕೆಲಸ ಮಾಡಿದೆ, ₹38,990 ಹೋಗಿದೆ. ಈಗ ಬಂದಿರುವುದು ₹24,500ರ ಎರಡನೆಯ ಖರೀದಿಯ ಓಟಿಪಿ. ಅದನ್ನೂ ಹಾಕಿದ ಮೇಲೆ ‘ಧನ್ಯವಾದ, 24 ಗಂಟೆಯೊಳಗೆ ಪಾರ್ಸೆಲ್ ತಲುಪುತ್ತದೆ’ ಎಂಬ ಸಾಲು ಕಾಣಿಸಿ, ಫೋನು ಅಂಚೆ ಇಲಾಖೆಯ ಅಸಲಿ ತಾಣಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಬ್ರೌಸರ್ ನೋಡಿದವರಿಗೆ ಕಾಣುವುದು ಆ ಅಸಲಿ ವಿಳಾಸವೇ. ಹೊತ್ತು 1.20.

ನಿಜ ಹೇಳಿದ ಸಂದೇಶ

ಈ ಹತ್ತು ನಿಮಿಷದಲ್ಲಿ ಶಿಕ್ಷಕಿಯ ಫೋನಿಗೆ ಎರಡು ಬಗೆಯ ಸಂದೇಶ ಬಂದವು. ಒಂದು ಪಾರ್ಸೆಲ್ಲಿನದು, ಅದರಲ್ಲಿದ್ದದ್ದೆಲ್ಲ ಸುಳ್ಳು. ಇನ್ನೊಂದು ಬ್ಯಾಂಕಿನ ಓಟಿಪಿ ಸಂದೇಶ, ಅದರಲ್ಲಿದ್ದದ್ದೆಲ್ಲ ನಿಜ. ಅವರು ಸುಳ್ಳು ಸಂದೇಶವನ್ನು ಅಕ್ಷರ ಬಿಡದೆ ಓದಿದರು, ನಿಜದ ಸಂದೇಶದಲ್ಲಿ ಆರಂಕಿ ಮಾತ್ರ ನೋಡಿದರು.

ಕಳ್ಳರ ಪುಟದಲ್ಲಿ ಏನು ಬೇಕಾದರೂ ಬರೆಯಬಹುದು. ಬ್ಯಾಂಕಿನ ಸಂದೇಶವನ್ನು ತಿದ್ದುವುದು ಅವರ ಕೈಯಲ್ಲಿಲ್ಲ. ಅಸಲಿ ಬ್ಯಾಂಕ್ ತನ್ನ ಅಸಲಿ ಗ್ರಾಹಕರಿಗೆ ಕಳಿಸಿದ್ದು ಅದು. ಆನ್‌ಲೈನ್ ಖರೀದಿಯ ಓಟಿಪಿ ಸಂದೇಶದಲ್ಲಿ ಸಾಮಾನ್ಯವಾಗಿ ಎಷ್ಟು ಮೊತ್ತ, ಯಾವ ಅಂಗಡಿಗೆ, ಕಾರ್ಡಿನ ಕೊನೆಯ ನಾಲ್ಕಂಕಿ ಯಾವುದು ಎಂದು ಬರೆದಿರುತ್ತದೆ. ಪುಟ ₹25.02 ಎನ್ನುತ್ತಿದ್ದರೆ ಸಂದೇಶ ₹38,990 ಎನ್ನುತ್ತಿತ್ತು. ಪುಟ ಅಂಚೆ ಇಲಾಖೆ ಎನ್ನುತ್ತಿದ್ದರೆ ಸಂದೇಶದಲ್ಲಿ ಕೇಳರಿಯದ ಅಂಗಡಿಯೊಂದರ ಹೆಸರಿತ್ತು. ಇಷ್ಟು ಹೊತ್ತಿನ ವಂಚನೆಯಲ್ಲಿ ಅಸಲಿ ಮಾಹಿತಿ ಕಣ್ಣಿಗೆ ಬಿದ್ದದ್ದು ಅಲ್ಲೊಂದೇ ಕಡೆ.

ನಾವು ಯಾಕೆ ಓದುವುದಿಲ್ಲ? ಓದದಂತೆ ಫೋನೇ ನಮ್ಮನ್ನು ಪಳಗಿಸಿದೆ. ಓಟಿಪಿ ಬಂದ ಕೂಡಲೇ ಆರಂಕಿ ಕೀಬೋರ್ಡಿನ ಮೇಲೆ ತಾನೇ ಬಂದು ಕೂರುತ್ತದೆ, ಮುಟ್ಟಿದರೆ ಸಾಕು, ಪುಟದೊಳಗೆ ಸೇರಿಕೊಳ್ಳುತ್ತದೆ. ಸಂದೇಶ ತೆರೆಯಬೇಕಾಗಿಯೇ ಇಲ್ಲ. ಮೇಲಿಂದ ಇಳಿಯುವ ಪಟ್ಟಿಯಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತವೆ, ಕೆಲವು ಬ್ಯಾಂಕುಗಳ ಸಂದೇಶದಲ್ಲಿ ಓಟಿಪಿ ಮೊದಲು ಬಂದು ಮೊತ್ತ ಆಮೇಲೆ ಬರುತ್ತದೆ. ಆದ್ದರಿಂದ ಕಾರ್ಡಿನ ಓಟಿಪಿ ಬಂದಾಗಲೆಲ್ಲ ಸಂದೇಶ ತೆರೆದು ಮೊತ್ತ ಮತ್ತು ಅಂಗಡಿಯ ಹೆಸರು ಓದಿದ ಮೇಲೆಯೇ ಅಂಕಿ ಹಾಕುವ ರೂಢಿ ಮಾಡಿಕೊಂಡರೆ, ಅಲ್ಲಿಯವರೆಗೆ ಎಷ್ಟೇ ಮೋಸಹೋಗಿದ್ದರೂ ಈ ಹಂತದಲ್ಲಿ ತಪ್ಪಿಸಿಕೊಳ್ಳಬಹುದು.

ಓಟಿಪಿಯ ಕಾವಲಿಗೂ ಮಿತಿಯಿದೆ. ಭಾರತದೊಳಗಿನ ಆನ್‌ಲೈನ್ ಖರೀದಿಗೆ ಎರಡನೆಯ ದೃಢೀಕರಣ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದ್ದರಿಂದ ನಮಗೆ ಓಟಿಪಿ ಬರುತ್ತದೆ. ಆದರೆ ವಿದೇಶದ ಎಷ್ಟೋ ತಾಣಗಳು ಕಾರ್ಡ್ ನಂಬರ್, ಅವಧಿ, ಸಿವಿವಿ ಇಷ್ಟಕ್ಕೇ ಹಣ ತೆಗೆದುಕೊಳ್ಳುತ್ತಾ ಬಂದಿವೆ. ನಿಮ್ಮ ಕಾರ್ಡಿನಲ್ಲಿ ವಿದೇಶಿ ಬಳಕೆ ತೆರೆದಿದ್ದರೆ, ಓಟಿಪಿ ಪುಟಕ್ಕೆ ಬರುವ ಮೊದಲೇ ನೀವು ಸೋತಿರಬಹುದು.

ಇದಕ್ಕೊಂದು ಬೀಗ ನಿಮ್ಮ ಕೈಯಲ್ಲೇ ಇದೆ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಂತೆ ಹೊಸ ಕಾರ್ಡ್ ಕೈಗೆ ಬರುವಾಗ ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಯಂತ್ರದಲ್ಲಿ ಮಾತ್ರ ನಡೆಯುತ್ತದೆ. ಆನ್‌ಲೈನ್, ವಿದೇಶಿ, ತಾಗಿಸಿ ಪಾವತಿಸುವ ಸೌಲಭ್ಯಗಳನ್ನು ಗ್ರಾಹಕರೇ ತೆರೆದುಕೊಳ್ಳಬೇಕು. ಬೇಕಾದಾಗ ಮುಚ್ಚಬಹುದು, ದಿನದ ಮಿತಿಯನ್ನೂ ಇಡಬಹುದು. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ವಿಭಾಗಕ್ಕೆ ಹೋದರೆ ಈ ಗುಂಡಿಗಳು ಸಿಗುತ್ತವೆ. ವಿದೇಶಿ ಬಳಕೆ ಮುಚ್ಚಿ, ಆನ್‌ಲೈನ್ ಮಿತಿಯನ್ನು ₹5,000ಕ್ಕೆ ಇಳಿಸಿಟ್ಟಿದ್ದರೆ ಶಿಕ್ಷಕಿ ಓಟಿಪಿ ಕೊಟ್ಟಿದ್ದರೂ ₹38,990ರ ಖರೀದಿ ನಡೆಯುತ್ತಿರಲಿಲ್ಲ.

ಅತ್ತ ಕಡೆ ಯಾರಿದ್ದಾರೆ

ಒಬ್ಬನೇ ಕಳ್ಳ ಕೂತು ಇಷ್ಟೆಲ್ಲ ಕಟ್ಟಿರುತ್ತಾನೆ ಎಂದುಕೊಂಡರೆ ತಪ್ಪು. ಈ ವಂಚನೆ ಈಗ ಬಾಡಿಗೆಗೆ ಸಿಗುವ ಸರಕು. ಒಂದು ಗುಂಪು ನಕಲಿ ಪುಟಗಳ ಕಿಟ್ ತಯಾರಿಸಿ ಟೆಲಿಗ್ರಾಮ್ ಗುಂಪುಗಳಲ್ಲಿ ತಿಂಗಳ ಬಾಡಿಗೆಗೆ ಕೊಡುತ್ತದೆ. ಇನ್ನೊಂದು ಗುಂಪು ಅದನ್ನು ಪಡೆದು ಸಂದೇಶ ಹಂಚುತ್ತದೆ. ಯಾವ ದೇಶದ ಅಂಚೆ ಇಲಾಖೆ ಎಂದು ಆರಿಸಿಕೊಂಡರೆ ಅದರ ಬಣ್ಣ, ಲಾಂಛನ, ಭಾಷೆಯೊಂದಿಗೆ ಪುಟ ಸಿದ್ಧವಾಗುತ್ತದೆ. ಡಾರ್ಕುಲಾ ಎಂಬ ಇಂಥ ಒಂದು ವ್ಯವಸ್ಥೆಯ ಬಗ್ಗೆ 2024ರ ಮಾರ್ಚಿನಲ್ಲಿ ಬರೆದ ನೆಟ್‌ಕ್ರಾಫ್ಟ್ ಸಂಸ್ಥೆ, ಅದರಲ್ಲಿ ನೂರಕ್ಕೂ ಹೆಚ್ಚು ದೇಶಗಳಿಗೆ ಬೇಕಾದ ಇನ್ನೂರಕ್ಕೂ ಹೆಚ್ಚು ಮಾದರಿ ಪುಟಗಳಿವೆ ಎಂದಿತ್ತು.

ಇದರ ಗಾತ್ರ ತಿಳಿದದ್ದು ನಾರ್ವೆಯಿಂದ. ಅಲ್ಲಿನ ಮ್ನೆಮೋನಿಕ್ ಎಂಬ ಭದ್ರತಾ ಸಂಸ್ಥೆಯೂ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆಯೂ ಯುರೋಪಿನ ಇತರ ಪತ್ರಕರ್ತರೊಂದಿಗೆ ಈ ಡಾರ್ಕುಲಾದ ಒಳಹೊಕ್ಕು ನೋಡಿ 2025ರ ಮೇ ತಿಂಗಳಲ್ಲಿ ವರದಿ ಮಾಡಿದವು. 2023 ಮತ್ತು 2024ರ ನಡುವಿನ ಏಳು ತಿಂಗಳಲ್ಲಿ ಲಿಂಕ್ ಒತ್ತಿದ್ದು 1.3 ಕೋಟಿ ಸಲ, ಕಳುವಾದ ಕಾರ್ಡುಗಳು 8,84,000. ನೂರು ಸಲ ಲಿಂಕ್ ತೆರೆದರೆ ಸುಮಾರು ಏಳು ಕಾರ್ಡು ಬಲೆಗೆ ಬಿದ್ದ ಲೆಕ್ಕ. ಅದನ್ನು ಬಳಸುತ್ತಿದ್ದ ಕಾರ್ಯಕರ್ತರು ಸುಮಾರು ಆರುನೂರು ಮಂದಿ.

ಭಾರತದ ಕಡೆಗೂ ಇಂಥದೇ ಜಾಲ ತಿರುಗಿತ್ತು. ಇಂಡಿಯಾ ಪೋಸ್ಟ್ ಹೆಸರನ್ನು ಹೋಲುವ 470ಕ್ಕೂ ಹೆಚ್ಚು ವೆಬ್ ವಿಳಾಸಗಳು 2024ರ ಜನವರಿಯಿಂದ ಜುಲೈವರೆಗೆ ನೋಂದಣಿಯಾಗಿದ್ದವೆಂದು ಫೋರ್ಟಿನೆಟ್ ಲೆಕ್ಕ ಹಾಕಿತು. ಒಂದು ವಿಳಾಸವನ್ನು ಮುಚ್ಚಿಸುವಷ್ಟರಲ್ಲಿ ಸಂದೇಶ ಇನ್ನೊಂದಕ್ಕೆ ದಾರಿ ತೋರಿಸುತ್ತಿರುತ್ತದೆ.

ಮುಚ್ಚಿಸುವುದನ್ನು ತಡಮಾಡಲು ಕಿಟ್‌ನಲ್ಲೇ ಒಂದು ಉಪಾಯವಿದೆ. ಇಂಥ ಅನೇಕ ಪುಟಗಳು ಮೊಬೈಲಿನಲ್ಲಿ, ಅದೂ ಆಯಾ ದೇಶದ ಇಂಟರ್‌ನೆಟ್‌ನಲ್ಲಿ ಮಾತ್ರ ತೆರೆದುಕೊಳ್ಳುತ್ತವೆ. ಅದೇ ಲಿಂಕನ್ನು ಕಂಪ್ಯೂಟರಿನಲ್ಲಿ ತೆರೆದರೆ ಖಾಲಿ ಪುಟ ಬರುತ್ತದೆ ಅಥವಾ ಸಂಬಂಧವೇ ಇಲ್ಲದ ತಾಣವೊಂದು ತೆರೆಯುತ್ತದೆ. ಲಿಂಕನ್ನು ಮಗನಿಗೆ ಕಳಿಸಿ ‘ಸ್ವಲ್ಪ ನೋಡಪ್ಪ’ ಎಂದು ಕೇಳಿದಾಗ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ನೋಡಿದ ಮಗ ‘ಏನೂ ಇಲ್ಲವಲ್ಲ, ಸರಿಯಿರಬೇಕು’ ಎನ್ನುವ ಅಪಾಯ ಇದರಿಂದಲೇ.

ನಂಬರ್ ನೋಡಿ, ವಿಳಾಸ ಓದಿ

ನಮ್ಮಲ್ಲಿ ವ್ಯಾಪಾರಿ ಸಂಸ್ಥೆಗಳೂ ಇಲಾಖೆಗಳೂ ಗುಂಪಾಗಿ ಎಸ್ಸೆಮ್ಮೆಸ್ ಕಳಿಸಬೇಕಾದರೆ ಟ್ರಾಯ್ ನಿಯಮದಂತೆ ತಮ್ಮ ಗುರುತನ್ನು ನೋಂದಾಯಿಸಬೇಕು. ಅದಕ್ಕೇ ಅವುಗಳ ಸಂದೇಶ ಹತ್ತಂಕಿಯ ನಂಬರಿನಿಂದ ಬರುವ ಬದಲು ಅಕ್ಷರಗಳ ತಲೆಬರಹದಿಂದ ಬರುತ್ತದೆ. ಸಂದೇಶದೊಳಗಿನ ಲಿಂಕನ್ನೂ ಮೊದಲೇ ನೋಂದಾಯಿಸಿರಬೇಕೆಂಬ ನಿಯಮ 2024ರ ಅಕ್ಟೋಬರ್‌ನಿಂದ ಬಂದಿದೆ. ಈ ಬೇಲಿ ಕಳ್ಳರಿಗೂ ಗೊತ್ತು. ಆದ್ದರಿಂದ ಅವರು ಮೊಬೈಲ್ ಕಂಪನಿಯ ಎಸ್ಸೆಮ್ಮೆಸ್ ಬಿಟ್ಟು ಇಂಟರ್‌ನೆಟ್ ಮೂಲಕ ಹೋಗುವ ಐಮೆಸೇಜ್, ಆರ್‌ಸಿಎಸ್, ವಾಟ್ಸಾಪ್ ಹಿಡಿಯುತ್ತಾರೆ. ಇಂಡಿಯಾ ಪೋಸ್ಟ್ ಹೆಸರಿನ ಸಂದೇಶಗಳು ಐಫೋನುಗಳಿಗೆ ಹೋದದ್ದು ಐಮೆಸೇಜ್ ಮೂಲಕ, ಕಳಿಸಿದವರ ಜಾಗದಲ್ಲಿ ಇದ್ದದ್ದು ಯಾವುದೋ ಈಮೇಲ್ ವಿಳಾಸ. ಅಂಚೆ ಇಲಾಖೆಯ ಸಂದೇಶ ಯಾರದೋ ಸ್ವಂತ ಈಮೇಲಿನಿಂದಲೋ ವಿದೇಶದ ಸಂಕೇತವಿರುವ ನಂಬರಿನಿಂದಲೋ ಬರುವುದಿಲ್ಲ. ಇಷ್ಟು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ.

ಐಫೋನಿನಲ್ಲಿ ಇನ್ನೊಂದು ಗುರುತಿದೆ. ಪರಿಚಯವಿಲ್ಲದವರು ಕಳಿಸಿದ ಲಿಂಕನ್ನು ಐಮೆಸೇಜ್ ಒತ್ತಲು ಬಿಡುವುದಿಲ್ಲ. ನೀವು ಉತ್ತರ ಕೊಟ್ಟರೆ ಪರಿಚಯದವರೆಂದು ತಿಳಿದು ಬಿಡುತ್ತದೆ. ಅದಕ್ಕೇ ‘Y ಎಂದು ಉತ್ತರಿಸಿ, ಸಂದೇಶ ಮುಚ್ಚಿ ಮತ್ತೆ ತೆರೆಯಿರಿ’ ಎಂಬ ಸಾಲು ಅನೇಕ ನಕಲಿ ಸಂದೇಶಗಳ ಕೆಳಗಿರುತ್ತದೆ. ಲಿಂಕ್ ತೆರೆಯಲು ಉತ್ತರ ಕೇಳುವ ಸಂದೇಶ ಬಂದರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ವೆಬ್ ವಿಳಾಸ. ಅದನ್ನು ಎಡದಿಂದ ಓದಿದರೆ ಮೋಸಹೋಗುತ್ತೀರಿ, ಏಕೆಂದರೆ ಎಡಗಡೆ ಏನು ಬೇಕಾದರೂ ಬರೆಯುವ ಸ್ವಾತಂತ್ರ್ಯ ವಿಳಾಸದ ಒಡೆಯನಿಗಿದೆ. ಮಾದರಿಗೆಂದು ಕಟ್ಟಿದ ಈ ಎರಡು ಸಾಲು ನೋಡಿ:

```
https://www.indiapost.gov.in/
https://indiapost.gov.in.abcd-track.top/in
```

ಎರಡರಲ್ಲೂ indiapost.gov.in ಇದೆ. ಈಗ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಎಡಕ್ಕೆ ಓದಿ. ಮೊದಲ ಸಾಲಿನಲ್ಲಿ ಓರೆಗೆರೆಯ ಹಿಂದೆ ಸಿಗುವುದು gov.in, ಅದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುವ ವಿಳಾಸ. ಎರಡನೆಯದರಲ್ಲಿ ಸಿಗುವುದು abcd-track.top. ತಾಣದ ಒಡೆಯ ಯಾರೆಂದು ಹೇಳುವ ಭಾಗ ಅದೇ, ಅದರ ಎಡಕ್ಕಿರುವುದೆಲ್ಲ ಅವನು ಅಂಟಿಸಿದ ಹಣೆಪಟ್ಟಿ. ಮೊಬೈಲಿನ ಚಿಕ್ಕ ಪರದೆಯಲ್ಲಿ ಉದ್ದ ವಿಳಾಸ ಪೂರ್ತಿ ಕಾಣದಿದ್ದರೆ ಅದನ್ನು ಮುಟ್ಟಿ ಎಳೆದು ನೋಡಬೇಕು. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ನಂಬಿ ಕೂರಬೇಡಿ. ನಿಮ್ಮ ಮತ್ತು ಆ ತಾಣದ ನಡುವೆ ಯಾರೂ ಕದ್ದು ನೋಡುತ್ತಿಲ್ಲ ಎಂದಷ್ಟೇ ಅದರ ಅರ್ಥ. ತಾಣವೇ ಕಳ್ಳರದಾಗಿದ್ದರೆ ಆ ಭದ್ರತೆಯೂ ಅವರಿಗೇ. ಅಂಥ ಪ್ರಮಾಣಪತ್ರ ಪುಕ್ಕಟೆಯಾಗಿ ಸಿಗುತ್ತದೆ.

ಹಾಗಾದರೆ ಪಾರ್ಸೆಲ್ಲಿಗೆ ಹಣ ಕೇಳಿದವರೆಲ್ಲ ಕಳ್ಳರೇ? ಅಲ್ಲ, ಇಲ್ಲಿ ತುಸು ಎಚ್ಚರ ಬೇಕು. ವಿದೇಶದಿಂದ ಬರುವ ವಸ್ತುವಿಗೆ ಕಸ್ಟಮ್ಸ್ ಸುಂಕ ಬೀಳುವುದುಂಟು, ಅಂಚೆಯಲ್ಲಿ ಬಂದದ್ದಾದರೆ ಅದನ್ನು ವಿತರಣೆಯ ಹೊತ್ತಿನಲ್ಲಿ ವಸೂಲು ಮಾಡುತ್ತಾರೆ. ಕೆಲವು ಅಂತರರಾಷ್ಟ್ರೀಯ ಕೊರಿಯರ್ ಕಂಪನಿಗಳು ಸುಂಕ ಕಟ್ಟಲು ನಿಜಕ್ಕೂ ಲಿಂಕ್ ಕಳಿಸುತ್ತವೆ. ಆದ್ದರಿಂದ ಹಣ ಕೇಳಿದರೆಂಬ ಒಂದೇ ಕಾರಣಕ್ಕೆ ತೀರ್ಮಾನಕ್ಕೆ ಬರಲಾಗದು. ಆದರೆ ಟ್ರ್ಯಾಕಿಂಗ್ ನಂಬರ್ ನಿಮಗೆ ಎಲ್ಲಿಂದ ಸಿಕ್ಕಿತು ಎಂದು ಕೇಳಿಕೊಂಡರೆ ಗೊಂದಲ ಉಳಿಯುವುದಿಲ್ಲ. ಅಸಲಿ ನಂಬರ್ ಸಿಗುವುದು ಪಾರ್ಸೆಲ್ ಕಳಿಸಿದವರಿಂದ: ಅಂಗಡಿಯ ಆ್ಯಪ್‌ನಲ್ಲಿ, ಬಿಲ್ಲಿನಲ್ಲಿ, ಇಲ್ಲವೇ ಕಳಿಸಿದ ನೆಂಟರ ಬಳಿ. ಸ್ಪೀಡ್ ಪೋಸ್ಟಿನದಾದರೆ ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ IN, ಒಟ್ಟು ಹದಿಮೂರು. ಆ ನಂಬರನ್ನು ಅಂಚೆ ಇಲಾಖೆಯ ಅಥವಾ ಕೊರಿಯರಿನ ತಾಣಕ್ಕೆ ನೀವೇ ಹೋಗಿ ಹಾಕಿ ನೋಡಿ. ಸಂದೇಶ ಹೇಳಿದ್ದು ನಿಜವಾದರೆ ಅಲ್ಲೂ ಅದೇ ಕಾಣಬೇಕು. ಅಂಚೆಯಣ್ಣ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಾರ್ಸೆಲ್ ಅಂಚೆ ಕಚೇರಿಯಲ್ಲಿ ಕೆಲವು ದಿನ ಇರುತ್ತದೆ, ಹೋಗಿ ತರಬಹುದು. ಅದಕ್ಕೆ ಕಾರ್ಡ್ ನಂಬರ್ ಬೇಕಿಲ್ಲ.

ಫೋನಿನೊಳಗೆ ಸೇರುವ ಕಾರ್ಡ್

ಅಮೆರಿಕ, ಯುರೋಪ್, ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರು ಇದೇ ವಂಚನೆಯ ಇನ್ನೊಂದು ರೂಪ ತಿಳಿದಿರಬೇಕು. ಅಲ್ಲಿ ಕಳ್ಳರು ಓಟಿಪಿಯನ್ನು ಖರೀದಿಗೆ ಬಳಸುವ ಬದಲು, ಕದ್ದ ಕಾರ್ಡನ್ನು ತಮ್ಮ ಫೋನಿನ ಆಪಲ್ ಪೇ ಅಥವಾ ಗೂಗಲ್ ವಾಲೆಟ್‌ಗೆ ಸೇರಿಸಲು ಬಳಸುತ್ತಾರೆ. ಬ್ಯಾಂಕಿನ ಸಂದೇಶದಲ್ಲಿ ಮೊತ್ತವೇ ಇರುವುದಿಲ್ಲ, ‘ಕಾರ್ಡನ್ನು ಸಾಧನಕ್ಕೆ ಸೇರಿಸಲು ಸಂಕೇತ’ ಎಂದಿರುತ್ತದೆ. ಆ ದಿನ ಖಾತೆಯಿಂದ ಒಂದು ಪೈಸೆಯೂ ಹೋಗುವುದಿಲ್ಲವಾದ್ದರಿಂದ ಅನುಮಾನವೂ ಹುಟ್ಟುವುದಿಲ್ಲ. ದಿನಗಳೋ ವಾರಗಳೋ ಕಳೆದ ಮೇಲೆ ಯಾವುದೋ ಅಂಗಡಿಯಲ್ಲಿ ಆ ಫೋನನ್ನು ಯಂತ್ರಕ್ಕೆ ತಾಗಿಸಿ ಸಾಮಾನು ಕೊಳ್ಳುತ್ತಾರೆ. ಆಗ ಓಟಿಪಿ ಕೇಳುವವರಿಲ್ಲ.

ಇದಕ್ಕೆ ಪರಿಹಾರವೂ ಸ್ವಲ್ಪ ಬೇರೆ. ಕಾರ್ಡ್ ಬದಲಿಸಿದರೂ ಫೋನಿಗೆ ಸೇರಿದ ಡಿಜಿಟಲ್ ಪ್ರತಿ ಕೆಲವೊಮ್ಮೆ ಹೊಸ ಕಾರ್ಡಿಗೇ ಅಂಟಿಕೊಂಡು ಮುಂದುವರಿಯುತ್ತದೆ. ಆದ್ದರಿಂದ ಬ್ಯಾಂಕಿಗೆ ಕರೆ ಮಾಡಿದಾಗ ‘ಈ ಕಾರ್ಡ್ ಯಾವ ಯಾವ ಸಾಧನಗಳಿಗೆ ಸೇರಿದೆ ನೋಡಿ, ಎಲ್ಲವನ್ನೂ ತೆಗೆದುಹಾಕಿ’ ಎಂದು ಬಾಯಿಬಿಟ್ಟು ಕೇಳಬೇಕು.

ಕೊಟ್ಟುಬಿಟ್ಟಿದ್ದರೆ

ಲಿಂಕ್ ತೆರೆದು ನೋಡಿ, ಏನೂ ಟೈಪ್ ಮಾಡದೆ, ಯಾವ ಆ್ಯಪನ್ನೂ ಹಾಕಿಕೊಳ್ಳದೆ ಮುಚ್ಚಿದ್ದರೆ ಕಾರ್ಡಿನ ವಿವರ ಹೋಗಿರುವುದಿಲ್ಲ. ಒಂದೇ ಒಂದು ಪುಟದಲ್ಲಿ ಕಾರ್ಡ್ ನಂಬರ್ ಹೊಡೆದಿದ್ದರೂ ಅದು ಹೋಯಿತೆಂದೇ ತಿಳಿಯಬೇಕು.

ನಮ್ಮ ಶಿಕ್ಷಕಿಗೆ 1.22ಕ್ಕೆ ಹಣ ಕಡಿತದ ಸಂದೇಶಗಳು ಕಾಣುತ್ತವೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡುತ್ತಾರೆ.

‘ಇಪ್ಪತ್ತೈದು ರೂಪಾಯಿ ಅಂದಿದ್ರು, ಮೂವತ್ತೆಂಟು ಸಾವಿರ ಹೋಗೇತಿ ನೋಡಪಾ.’

‘ಅವ್ವಾ, ಮೊದ್ಲ ಈ ಫೋನ್ ಇಡು. ಬ್ಯಾಂಕ್ ಆ್ಯಪಿನ್ಯಾಗ ಕಾರ್ಡ್ ಬ್ಲಾಕ್ ಮಾಡು. ಮಾತು ಆಮೇಲೆ.’

ಮಗ ಹೇಳಿದ ಅನುಕ್ರಮ ಸರಿ. ಮೊದಲು ಆ್ಯಪ್‌ನಲ್ಲಿ ಅಥವಾ ಕಾರ್ಡಿನ ಹಿಂಬದಿಯ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಬೇಕು, ದೂರಿನ ಸಂಖ್ಯೆಯನ್ನೂ ಹೊತ್ತನ್ನೂ ಬರೆದಿಟ್ಟುಕೊಳ್ಳಬೇಕು. ಆ ಕೂಡಲೇ 1930ಕ್ಕೆ ಕರೆ. ಆನ್‌ಲೈನ್ ಹಣಕಾಸು ವಂಚನೆಗೆಂದೇ ಇರುವ ಈ ಸಹಾಯವಾಣಿಯ ದೂರು ಬ್ಯಾಂಕುಗಳಿಗೂ ವಾಲೆಟ್ ಕಂಪನಿಗಳಿಗೂ ಹೋಗುತ್ತದೆ. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಅದನ್ನು ತಡೆಹಿಡಿಯಬಹುದು, ಆಗಲೇ ಗಿಫ್ಟ್ ಕಾರ್ಡೋ ಸಾಮಾನೋ ಆಗಿ ಬದಲಾಗಿದ್ದರೆ ಕಷ್ಟ. ಆಮೇಲೆ cybercrime.gov.in ತಾಣದಲ್ಲಿ ಅಥವಾ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು. ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಕಳಿಸಿದವರ ನಂಬರ್ ಅಥವಾ ಈಮೇಲ್, ಲಿಂಕ್, ಓಟಿಪಿ ಸಂದೇಶಗಳು ಎಲ್ಲದರ ಸ್ಕ್ರೀನ್‌ಶಾಟ್ ಬೇಕಾಗುತ್ತದೆ. ಹಣ ಹೋಗದಿದ್ದರೂ ಇಂಥ ಸಂದೇಶ ಬಂದಿದೆ ಎಂದು ದೂರಸಂಪರ್ಕ ಇಲಾಖೆಯ sancharsaathi.gov.in ತಾಣದ ಚಕ್ಷು ವಿಭಾಗದಲ್ಲಿ ತಿಳಿಸಬಹುದು.

ಬ್ಯಾಂಕಿಗೆ ಬೇಗ ತಿಳಿಸಿ ಎನ್ನುವುದಕ್ಕೆ ಹಣಕಾಸಿನ ಕಾರಣವೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಗ್ರಾಹಕರು ತಾವೇ ಓಟಿಪಿಯಂಥ ವಿವರ ಹಂಚಿಕೊಂಡು ಆದ ನಷ್ಟವನ್ನು ಬ್ಯಾಂಕಿಗೆ ತಿಳಿಸುವವರೆಗೆ ಗ್ರಾಹಕರೇ ಹೊರಬೇಕು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಮೂರು ಕೆಲಸದ ದಿನದೊಳಗೆ ಹೇಳಿದರೆ ಪೂರ್ತಿ ಹಣ ವಾಪಸ್ ಬರುತ್ತದೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ಆ ಅವಕಾಶ ಇರುವುದು ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ, ಬೇರೆಲ್ಲೋ ಆದ ಲೋಪದಿಂದ ಹಣ ಹೋದ ಪ್ರಕರಣಗಳಿಗೆ. ಶಿಕ್ಷಕಿಯ ಪ್ರಕರಣಕ್ಕೆ ಇದನ್ನು ಹಚ್ಚಿ ನೋಡಿ. ‘ಓಟಿಪಿ ತಪ್ಪಾಗಿದೆ’ ಎಂದು ಪುಟ ಹೇಳಿದಾಗಲೇ ಅನುಮಾನಪಟ್ಟು ಕಾರ್ಡ್ ಬ್ಲಾಕ್ ಮಾಡಿದ್ದರೆ ₹24,500 ಉಳಿಯುತ್ತಿತ್ತು. 1.24ಕ್ಕೆ ದೂರು ದಾಖಲಾಗಿ, 1.30ಕ್ಕೆ ಮೂರನೆಯ ಕಡಿತವಾದರೆ ಅದರ ಹೊಣೆ ಬ್ಯಾಂಕಿನ ಮೇಲೆ. ದೂರಿನ ಹೊತ್ತನ್ನು ಬರೆದಿಟ್ಟುಕೊಳ್ಳಿ ಎನ್ನುವುದು ಇದಕ್ಕೇ.

ಅಲ್ಲಿಗೂ ಮುಗಿಯುವುದಿಲ್ಲ. ಶಿಕ್ಷಕಿಯ ಹೆಸರು, ವಿಳಾಸ, ಫೋನ್ ನಂಬರ್, ಯಾವ ಬ್ಯಾಂಕ್ ಎಂಬುದೆಲ್ಲ ಈಗ ಅವರ ಬಳಿ ಇದೆ. ಒಂದೆರಡು ದಿನದಲ್ಲಿ ‘ಬ್ಯಾಂಕಿನ ವಂಚನೆ ವಿಭಾಗದಿಂದ ಮಾತಾಡುತ್ತಿದ್ದೇನೆ, ಮೇಡಂ. ನಿಮ್ಮ ₹38,990 ವಾಪಸ್ ಹಾಕಬೇಕು, ಈಗ ಬರುವ ಓಟಿಪಿ ಹೇಳಿ’ ಎಂಬ ಕರೆ ಬರಬಹುದು. ನಷ್ಟದ ಮೊತ್ತವನ್ನು ಪೈಸೆ ತಪ್ಪದೆ ಹೇಳುವವನನ್ನು ಯಾರಾದರೂ ನಂಬುತ್ತಾರೆ. ಆ ಮೊತ್ತ ಬ್ಯಾಂಕಿಗೆ ಗೊತ್ತಿರುವಷ್ಟೇ ಚೆನ್ನಾಗಿ ಕದ್ದವನಿಗೂ ಗೊತ್ತಿರುತ್ತದೆ. ಹಣ ವಾಪಸ್ ಹಾಕಲು ಯಾವ ಬ್ಯಾಂಕಿಗೂ ನಿಮ್ಮ ಓಟಿಪಿ ಬೇಕಿಲ್ಲ. ಅಂಥ ಕರೆ ಬಂದರೆ ಇಟ್ಟುಬಿಡಿ, ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಕರೆ ಮಾಡಿ ದೂರಿನ ಸಂಖ್ಯೆ ಹೇಳಿ ವಿಚಾರಿಸಿ.